ನೀರಿನ ಕಲೆಯಾದ ರೇಷ್ಮೆ ಸೀರೆಗೆ ಪರಿಹಾರ ಕೋರಿ ಪತ್ರ

ದಿನಾಂಕ: 18 ನವೆಂಬರ್ 2025

ಇವರಿಗೆ,
ಡ್ರೈ ಕ್ಲೀನಿಂಗ್ ಅಂಗಡಿಯ ಮಾಲೀಕರು

ವಿಷಯ: ರಸೀದಿ ನಂ. 2846 – ಡ್ರೈ ಕ್ಲೀನಿಂಗ್‌ಗೆ ಕೊಟ್ಟ ರೇಷ್ಮೆ ಸೀರೆಗೆ ನೀರಿನ ಕಲೆಯಾಗಿರುವ ಬಗ್ಗೆ

ಮಾನ್ಯರೇ,

ನವೆಂಬರ್ 3ರಂದು ನಿಮ್ಮ ಅಂಗಡಿಗೆ ಒಂದು ರೇಷ್ಮೆ ಸೀರೆ ಕೊಟ್ಟಿದ್ದೆ. ತಿಳಿ ಹಸಿರು ಒಡಲು, ಮೆರೂನ್ ಅಂಚು, ಜರಿ ಸೆರಗು. 12ರಂದು ಅದನ್ನು ವಾಪಸ್ ಪಡೆಯುವಾಗ ಕೌಂಟರ್ ಮುಂದೆಯೇ ಕವರ್ ಬಿಚ್ಚಿ ನೋಡಿದೆ. ಸೆರಗು ಶುರುವಾಗುವ ಜಾಗದಲ್ಲಿ ಅಂಗೈ ಅಗಲದ ಕಲೆ ಇತ್ತು. ನಡುವೆ ಬಣ್ಣ ಪೇಲವ, ಸುತ್ತಲೂ ಕಪ್ಪಗಿನ ಗೆರೆ. ಕಲೆ ತಾಗಿದ ಕಡೆ ಜರಿಯೂ ಮಂಕಾಗಿದೆ. ಉಟ್ಟರೆ ಆ ಭಾಗ ಸರಿಯಾಗಿ ಎದೆಯ ಮೇಲೇ ಬರುತ್ತದೆ. ನೆರಿಗೆಯಲ್ಲೋ ಒಳಸುತ್ತಿನಲ್ಲೋ ಆಗಿದ್ದರೆ ಹೇಗೋ ಉಡಬಹುದಿತ್ತು. ಈಗ ಆ ಸೀರೆಯನ್ನು ಉಡುವ ಹಾಗೇ ಇಲ್ಲ.

ಕೌಂಟರ್‌ನಲ್ಲಿದ್ದ ಹುಡುಗ ಅದನ್ನು ನೋಡಿ, "ಸ್ಟೀಮ್ ಐರನ್‌ನಿಂದ ನೀರು ಬಿದ್ದಿರಬೇಕು ಮೇಡಂ" ಅಂದ. ನೀವು ಫೋನಿನಲ್ಲಿ ಹೇಳಿದ್ದೇ ಬೇರೆ. "ಹಳೇ ಸೀರೆ ಅಲ್ವಾ, ಕಲೆ ಮೊದಲೇ ಇದ್ದಿರುತ್ತೆ" ಅಂದಿರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸೀರೆ ತೆಗೆದುಕೊಳ್ಳುವಾಗ ನಿಮ್ಮವರು ಅದನ್ನು ಪೂರ್ತಿ ಬಿಡಿಸಿ ನೋಡಿದ್ದರು. ಫಾಲ್ ಹತ್ತಿರ ನಾಲ್ಕು ಬೆರಳಷ್ಟು ಹೊಲಿಗೆ ಬಿಟ್ಟಿತ್ತು. ಅದನ್ನು ರಸೀದಿಯಲ್ಲಿ ಬರೆದೂ ಕೊಟ್ಟಿದ್ದಾರೆ. ಅಷ್ಟು ಸಣ್ಣ ಹೊಲಿಗೆ ಕಂಡ ಕಣ್ಣಿಗೆ ಇಷ್ಟು ದೊಡ್ಡ ಕಲೆ ಕಾಣಲಿಲ್ಲವೇ? ರಸೀದಿಯಲ್ಲಿ ಕಲೆಯ ಬಗ್ಗೆ ಒಂದು ಅಕ್ಷರವೂ ಇಲ್ಲ.

ಇನ್ನೊಂದು ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಡ್ರೈ ಕ್ಲೀನಿಂಗ್‌ನಲ್ಲಿ ಬಟ್ಟೆಯನ್ನು ನೀರಿನಲ್ಲಿ ಅದ್ದುವುದಿಲ್ಲ, ಸಾಲ್ವೆಂಟ್‌ನಲ್ಲಿ ತೊಳೆಯುತ್ತಾರೆ. ರೇಷ್ಮೆ ಮೇಲೆ ನೀರು ಬಿದ್ದು ಅಲ್ಲೇ ಒಣಗಿದರೆ ಬಣ್ಣ ಮತ್ತು ಗಂಜಿ ಅಂಚಿಗೆ ಸರಿದು ಹೀಗೆ ಉಂಗುರದಂತೆ ಕಲೆ ನಿಲ್ಲುತ್ತದೆ. ಅಂದರೆ ತೊಳೆದ ಮೇಲೆ ಇಸ್ತ್ರಿ ಮಾಡುವಾಗಲೋ, ಮಡಿಸಿ ಇಟ್ಟಾಗಲೋ ನೀರು ತಾಗಿದೆ. ಆ ಹೊತ್ತಿನಲ್ಲಿ ಸೀರೆ ಇದ್ದದ್ದು ನಿಮ್ಮ ಕೈಯಲ್ಲಿ. ಆ ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ದಯವಿಟ್ಟು ಇದಕ್ಕಾಗಿ ಅವನನ್ನು ಬೈಯಬೇಡಿ, ಅವನ ಸಂಬಳವನ್ನೂ ಹಿಡಿಯಬೇಡಿ.

ಇನ್ನೊಂದು ಸಲ ತೊಳೆದುಕೊಡುತ್ತೇವೆ ಅಂದಿರಿ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ರೇಷ್ಮೆ ಸೀರೆ ಮಾರುವವರಿಗೆ, ಪಾಲಿಶ್ ಮಾಡುವವರಿಗೆ ತೋರಿಸಿದ್ದೇನೆ. ಬಣ್ಣ ಸರಿದುಹೋಗಿದೆ, ಉಜ್ಜಿದರೆ ಎಳೆ ಹಾಳಾಗುತ್ತದೆ ಎಂದು ಇಬ್ಬರೂ ಹೇಳಿದರು.

ಈ ಸೀರೆಯನ್ನು 2022ರಲ್ಲಿ 18,500 ರೂಪಾಯಿಗೆ ಕೊಂಡಿದ್ದೆ. ಬಿಲ್ ಇಟ್ಟುಕೊಂಡಿದ್ದೇನೆ. ಮಗಳ ನಿಶ್ಚಿತಾರ್ಥಕ್ಕೆ ತೆಗೆದುಕೊಂಡ ಸೀರೆ ಅದು. ವಿಶೇಷ ದಿನಗಳಲ್ಲಿ ಮಾತ್ರ ಉಟ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ. ಆ ನೆನಪಿಗೆ ನಿಮ್ಮಿಂದ ಬೆಲೆ ಕೇಳುತ್ತಿಲ್ಲ. ಮೂರು ವರ್ಷದ ಬಳಕೆಯನ್ನು ಕಳೆದು, ಸೀರೆಗೆ 14,000 ರೂಪಾಯಿ ಮತ್ತು ನಾನು ಕೊಟ್ಟ ಡ್ರೈ ಕ್ಲೀನಿಂಗ್ ಚಾರ್ಜ್ 450 ರೂಪಾಯಿ, ಒಟ್ಟು 14,450 ರೂಪಾಯಿ ಕೊಡಬೇಕೆಂದು ಕೇಳುತ್ತಿದ್ದೇನೆ.

ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಹಾನಿಗೆ ನಾವು ಜವಾಬ್ದಾರರಲ್ಲ" ಎಂದು ಅಚ್ಚು ಹಾಕಿಸಿದ್ದೀರಿ. ಸೀರೆ ಕೊಡುವಾಗ ಅದನ್ನು ಯಾರೂ ನನಗೆ ಓದಿ ಹೇಳಲಿಲ್ಲ, ನಾನು ಸಹಿಯನ್ನೂ ಹಾಕಿಲ್ಲ. ಹಣ ಪಡೆದು ಮಾಡುವ ಕೆಲಸದಲ್ಲಿ ಅಜಾಗರೂಕತೆಯಿಂದ ನಷ್ಟವಾದರೆ ಅದು ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆ. ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ.

ಸೀರೆ ನನ್ನ ಬಳಿ ಇದೆ. ನಿಮ್ಮ ಟ್ಯಾಗನ್ನೂ ಕಿತ್ತಿಲ್ಲ. ಅಂಗಡಿಯಲ್ಲೇ ತೆಗೆದ ಫೋಟೋಗಳು, ರಸೀದಿ ಮತ್ತು ಖರೀದಿ ಬಿಲ್‌ನ ಪ್ರತಿಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನೀವೇ ಬಂದು ನೋಡುವುದಾದರೆ ಫೋನ್ ಮಾಡಿ, ತೋರಿಸುತ್ತೇನೆ. ನನ್ನ ನಂಬರ್ ರಸೀದಿಯಲ್ಲೇ ಇದೆ.

ಡಿಸೆಂಬರ್ 5ರೊಳಗೆ ಹಣ ಕೊಡಿ, ಇಲ್ಲವೇ ನಿಮ್ಮ ಉತ್ತರವನ್ನು ಬರೆದು ಕಳಿಸಿ. ಎರಡೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಆಗ ಸೀರೆಯ ಬೆಲೆಯ ಜೊತೆಗೆ ಓಡಾಟದ ಖರ್ಚನ್ನೂ ಕೇಳಬೇಕಾಗುತ್ತದೆ. ವರ್ಷಗಳಿಂದ ನಮ್ಮ ಮನೆಯ ಬಟ್ಟೆಗಳು ನಿಮ್ಮಲ್ಲಿಗೇ ಬರುತ್ತಿವೆ. ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇನೆ.

ಇಂತಿ,
ವಸುಧಾ

ಲಗತ್ತು: ರಸೀದಿ ಪ್ರತಿ, ಸೀರೆ ಖರೀದಿ ಬಿಲ್ ಪ್ರತಿ, ಕಲೆಯ ಫೋಟೋಗಳು