ಪಾಲಿಸಿ ಮೇಲೆ ಸಾಲ ಮತ್ತು ಅದರ ಬಡ್ಡಿಯ ಷರತ್ತು ಕೋರಿ ಪತ್ರ

ದಿನಾಂಕ: 12 ಜೂನ್ 2025

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಪಾಲಿಸಿ ಸೇವಾ ವಿಭಾಗ

ವಿಷಯ: ಪಾಲಿಸಿ ಮೇಲೆ 2,40,000 ರೂಪಾಯಿ ಸಾಲ, ಮತ್ತು ಸಹಿ ಹಾಕುವ ಮೊದಲು ಬಡ್ಡಿಯ ಲೆಕ್ಕ ಬರಹದಲ್ಲಿ ಬೇಕೆಂಬ ಕೋರಿಕೆ
ಪಾಲಿಸಿ: 20 ವರ್ಷದ ಎಂಡೋಮೆಂಟ್, ಸಂಖ್ಯೆಯ ಕೊನೆಯ ನಾಲ್ಕು ಅಂಕಿ 4417

ಮಾನ್ಯರೇ,

ನಮಸ್ಕಾರ. ನಾನು ನಿಮ್ಮಲ್ಲಿ 2014ರ ಮಾರ್ಚ್‌ನಿಂದ ಪಾಲಿಸಿ ನಡೆಸುತ್ತಿದ್ದೇನೆ. ವಿಮಾ ಮೊತ್ತ 8 ಲಕ್ಷ, ವರ್ಷಕ್ಕೊಂದು ಕಂತು 41,000 ರೂಪಾಯಿ. ಈ ಮಾರ್ಚ್‌ದೂ ಸೇರಿ 12 ಕಂತು ಕಟ್ಟಿದ್ದೇನೆ. ಒಂದನ್ನೂ ತಪ್ಪಿಸಿಲ್ಲ. ಬಾಂಡಿನ ಜೊತೆ ಇಟ್ಟಿರುವ ಸಣ್ಣ ನೋಟ್‌ಬುಕ್ಕಿನಲ್ಲಿ ಮೊದಲ ಐದು ಕಂತಿನ ದಿನಾಂಕವನ್ನು ಅಪ್ಪ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಆಮೇಲಿನವು ನನ್ನ ಅಕ್ಷರ. ಪಾಲಿಸಿ ಮುಗಿಯುವುದು 2034ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೂ ನಡೆಸಬೇಕು ಅನ್ನುವುದೇ ನನ್ನ ಆಸೆ. ಸರೆಂಡರ್ ಮಾಡದೆ ಸಾಲ ಕೇಳುತ್ತಿರುವುದು ಅದಕ್ಕೇ.

ನನಗೆ ಹಣ ಬೇಕಾಗಿರುವುದು ಹೊಲಿಗೆ ಕೆಲಸಕ್ಕೆ. ಮನೆಯಲ್ಲೇ ಯೂನಿಫಾರ್ಮ್ ಹೊಲಿಯುತ್ತೇನೆ, ಜೊತೆಗೆ ಇಬ್ಬರು ಇದ್ದಾರೆ. ಈಗಿರುವ ಮಷಿನ್‌ಗಳು ದಪ್ಪ ಬಟ್ಟೆ ಬಂದರೆ ನೂಲು ಕಡಿದುಕೊಂಡು ನಿಂತುಬಿಡುತ್ತವೆ. ಕಳೆದ ಸೀಸನ್‌ನಲ್ಲಿ ಆರ್ಡರ್ ಇದ್ದರೂ ಅರ್ಧ ಮಾತ್ರ ಒಪ್ಪಿಕೊಂಡೆ. ಎರಡು ಮೋಟರ್ ಮಷಿನ್, ಒಂದು ಓವರ್‌ಲಾಕ್ ಮಷಿನ್, ಮತ್ತು ಮುಂಗಡವಾಗಿ ಬಟ್ಟೆ ಕೊಳ್ಳುವುದಕ್ಕೆ ಸೇರಿ ಈ ಮೊತ್ತ ಹಾಕಿಕೊಂಡಿದ್ದೇನೆ. ಸಂಬಳದ ಚೀಟಿ ಇಲ್ಲದ ನನಗೆ ಬೇರೆ ಕಡೆ ಸಾಲ ಸಿಗುವುದು ಕಷ್ಟ. ಇಲ್ಲಿ ನಾನು ಕಟ್ಟಿದ ಹಣವೇ ಭದ್ರತೆ, ಜಾಮೀನಿಗೆ ಯಾರನ್ನೂ ಕೇಳಬೇಕಿಲ್ಲ.

ಏಪ್ರಿಲ್‌ನಲ್ಲಿ ಕೊಟ್ಟ ಸ್ಟೇಟ್‌ಮೆಂಟ್ ಪ್ರಕಾರ ಬೋನಸ್ ಭಾಗವೂ ಸೇರಿ ನನ್ನ ಪಾಲಿಸಿಯ ಸರೆಂಡರ್ ವ್ಯಾಲ್ಯೂ 3,60,000. ಅದರ ಶೇ. 90ರವರೆಗೆ, ಅಂದರೆ 3,24,000 ರೂಪಾಯಿ ತನಕ ಸಾಲ ಸಿಗಬಹುದು ಅಂತ ಕೌಂಟರ್‌ನಲ್ಲಿದ್ದ ಮೇಡಂ ಹೇಳಿದರು. ಅಷ್ಟು ನನಗೆ ಬೇಡ. ಕೊಡುತ್ತಾರೆ ಅಂತ ಪೂರ್ತಿ ತೆಗೆದುಕೊಂಡರೆ ಬಡ್ಡಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಆದ್ದರಿಂದ ಸರೆಂಡರ್ ವ್ಯಾಲ್ಯೂನ ಮೂರರಲ್ಲಿ ಎರಡು ಪಾಲು ಮಾತ್ರ ಕೇಳಿದ್ದೇನೆ.

ಇನ್ನು ಬಡ್ಡಿಯ ವಿಷಯ. ದಯವಿಟ್ಟು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ನನ್ನ ಅಣ್ಣ ಹಿಂದೆ ಬೇರೊಂದು ಕಂಪನಿಯ ಪಾಲಿಸಿ ಮೇಲೆ ಒಂದು ಲಕ್ಷ ತೆಗೆದುಕೊಂಡಿದ್ದ. ದರ ಶೇ. 10 ಅಂತ ಗೊತ್ತಿತ್ತು. ಏಳು ವರ್ಷಕ್ಕೆ ಬಡ್ಡಿ 70,000 ಆಗುತ್ತೆ, ಮೆಚ್ಯೂರಿಟಿಯಲ್ಲಿ ಹಿಡಿದುಕೊಳ್ಳಲಿ ಅಂತ ಸುಮ್ನೆ ಇದ್ದುಬಿಟ್ಟ. ಹಣ ಬರುವ ದಿನ ನೋಡಿದರೆ ಅಸಲೂ ಸೇರಿ 1,97,993 ಕಡಿತ ಆಗಿತ್ತು. ಆರು ತಿಂಗಳಿಗೊಮ್ಮೆ ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋಗಿದ್ದರು. ಷರತ್ತು ಫಾರ್ಮ್‌ನಲ್ಲೇ ಇತ್ತು, ಸಣ್ಣ ಅಕ್ಷರದಲ್ಲಿ. ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಆ ಏಳು ವರ್ಷದಲ್ಲಿ ಒಂದು ನೋಟಿಸೂ ಅವನ ಕೈ ಸೇರಿರಲಿಲ್ಲ. ಎಲ್ಲ ಹಳೇ ವಿಳಾಸಕ್ಕೆ ಹೋಗಿದ್ದವು. ಆ ಕಡಿತದ ಚೀಟಿ ಹಿಡಿದುಕೊಂಡು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ನಾನು ಮೊದಲೇ ಕೇಳಿಬಿಡುತ್ತಿದ್ದೇನೆ.

ನಿಮ್ಮಲ್ಲೂ ಈಗ ದರ ವರ್ಷಕ್ಕೆ ಶೇ. 10, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅಂತ ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ಹಾಗಿದ್ದರೆ ನನ್ನ ಲೆಕ್ಕ ಹೀಗೆ. ಮೊದಲ ಆರು ತಿಂಗಳಿಗೆ ಬಡ್ಡಿ 12,000. ಅದನ್ನು ಕಟ್ಟದಿದ್ದರೆ ಸಾಲ 2,52,000 ಆಗುತ್ತದೆ, ಮುಂದಿನ ಆರು ತಿಂಗಳ ಬಡ್ಡಿ 12,600. ವರ್ಷದ ಕೊನೆಗೆ 2,64,600. ಅಂದರೆ ನಿಜವಾಗಿ ಬೀಳುವುದು ಶೇ. 10.25. ಮೂರು ವರ್ಷ ಏನೂ ಕಟ್ಟದಿದ್ದರೆ 3,21,623 ರೂಪಾಯಿ. ಈ ಲೆಕ್ಕ ಸರಿಯೇ? ತಪ್ಪಿದ್ದರೆ ಎಲ್ಲಿ ತಪ್ಪಿದೆ ಅಂತ ತಿಳಿಸಿ.

ದರದ ಬಗ್ಗೆ ಇನ್ನೊಂದು ಮಾತು. ಸಾಲ ಕೊಟ್ಟ ದಿನದ ದರವೇ ಕೊನೆಯವರೆಗೂ ಇರುತ್ತದೋ, ಅಥವಾ ನಡುವೆ ನೀವು ಬದಲಾಯಿಸಬಹುದೋ? ಬದಲಾಯಿಸುವುದಾದರೆ ಹಳೇ ಸಾಲಕ್ಕೂ ಅನ್ವಯಿಸುತ್ತದೋ, ಹೊಸ ಸಾಲಕ್ಕೆ ಮಾತ್ರವೋ? ಬಡ್ಡಿ ಎಣಿಸುವುದು ಮಂಜೂರಾದ ದಿನದಿಂದಲೋ, ಹಣ ನನ್ನ ಖಾತೆಗೆ ಬಿದ್ದ ದಿನದಿಂದಲೋ? ಬಡ್ಡಿ ಕಟ್ಟುವ ತಾರೀಖು ಸಾಲದ ದಿನದಿಂದ ಆರು ತಿಂಗಳಿಗೋ, ಪಾಲಿಸಿಯ ವಾರ್ಷಿಕ ದಿನಕ್ಕೆ ಹೊಂದಿಸಿಯೋ? ಮೊದಲ ಬಾರಿ ಆ ತಾರೀಖಿನಲ್ಲೇ ಜನ ಎಡವುವುದು. ಅದಕ್ಕೇ ನನ್ನ ಮೊದಲ ಬಡ್ಡಿ ಕಟ್ಟುವ ದಿನವನ್ನು ನಿಮ್ಮ ಉತ್ತರದಲ್ಲಿ ದಿನಾಂಕ ಹಾಕಿಯೇ ಬರೆಯಿರಿ.

ನಾನು ಬಡ್ಡಿ ಬೆಳೆಯಲು ಬಿಡುವುದಿಲ್ಲ. ನನ್ನ ಕೆಲಸದ ಹಣ ವರ್ಷಕ್ಕೆ ಎರಡು ಸಲ ಒಟ್ಟಿಗೆ ಬರುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಆಗಿರುವ ಬಡ್ಡಿ, ಅದರ ಮೇಲೆ ಅಸಲಿಗೆ 40,000 ಕಟ್ಟುವ ಯೋಜನೆ. ಮೊದಲ ಸಲ 52,000, ಎರಡನೇ ಸಲ 50,000, ಹೀಗೆ ಇಳಿಯುತ್ತಾ ಆರನೇ ಸಲಕ್ಕೆ 42,000. ಮೂರು ವರ್ಷದಲ್ಲಿ ಸಾಲ ತೀರುತ್ತದೆ, ಒಟ್ಟು ಬಡ್ಡಿ 42,000. ಏನೂ ಕಟ್ಟದೆ ಬಿಟ್ಟರೆ ಇದೇ ಮೂರು ವರ್ಷಕ್ಕೆ 81,623 ಆಗುತ್ತಿತ್ತು. ಈ ಎರಡು ಸಂಖ್ಯೆಯನ್ನು ಕಾಗದದಲ್ಲಿ ಅಕ್ಕಪಕ್ಕ ಬರೆದ ಮೇಲೆ ನನಗೆ ಧೈರ್ಯ ಬಂತು.

ಆದರೆ ಇದು ನಡೆಯಬೇಕಾದರೆ ಅಸಲನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಲು ನಿಮ್ಮ ಒಪ್ಪಿಗೆ ಬೇಕು. ನಾನು ಕಟ್ಟಿದ ಹಣದಲ್ಲಿ ಮೊದಲು ಬಡ್ಡಿ ಮುರಿದು ಉಳಿದದ್ದು ಅಸಲಿಗೆ ಹೋಗುತ್ತದೆ ಅಂತ ಅಂದುಕೊಂಡಿದ್ದೇನೆ. ಅದು ಅದೇ ದಿನ ಆಗುತ್ತದೋ, ಆರು ತಿಂಗಳ ಕೊನೆಗೆ ಆಗುತ್ತದೋ? ಉದಾಹರಣೆಗೆ ನಾಲ್ಕನೇ ತಿಂಗಳ ಕೊನೆಗೆ 20,000 ಅಸಲು ಕಟ್ಟಿದರೆ, ಅಷ್ಟರ ಮೇಲೆ ಉಳಿದ ಎರಡು ತಿಂಗಳ ಬಡ್ಡಿ, ಸುಮಾರು 333 ರೂಪಾಯಿ, ನಿಲ್ಲಬೇಕು ಅಲ್ವಾ? ಚಿಕ್ಕ ಮೊತ್ತ ಅನ್ನಿಸಬಹುದು. ಆದರೆ ನಾನು ಹಣವನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬೇಕೋ, ಬಂದ ದಿನವೇ ತಂದು ಕಟ್ಟಬೇಕೋ ಅನ್ನುವುದು ಇದರ ಮೇಲೆ ನಿಂತಿದೆ. ಇನ್ನೊಂದು, ಆರು ತಿಂಗಳೊಳಗೆ ಪೂರ್ತಿ ತೀರಿಸಿದರೂ ಆರು ತಿಂಗಳ ಬಡ್ಡಿ ಹಿಡಿಯುತ್ತೀರಾ? ಬೇಗ ತೀರಿಸಿದ್ದಕ್ಕೆ ಬೇರೆ ಶುಲ್ಕ ಇದೆಯಾ?

ಸಾಲದ ಕಂತೂ ಪ್ರೀಮಿಯಂ ಕಂತೂ ಬೇರೆ ಬೇರೆ ಅನ್ನುವುದು ನನಗೆ ಗೊತ್ತಿದೆ. ಸಾಲ ಇದ್ದರೂ ಮಾರ್ಚ್‌ನ 41,000 ತಪ್ಪದೆ ಕಟ್ಟುತ್ತೇನೆ. ನಾನು ಕಟ್ಟುವ ಹಣ ಯಾವುದಕ್ಕೆ ಅಂತ ರಸೀದಿಯಲ್ಲಿ ಬಿಡಿಸಿ ಬರೆದುಕೊಡಬೇಕು: ಪ್ರೀಮಿಯಂ ಇಷ್ಟು, ಬಡ್ಡಿ ಇಷ್ಟು, ಅಸಲು ಇಷ್ಟು. ಎಲ್ಲ ಒಂದೇ ಸಾಲಿನಲ್ಲಿ ಬಂದರೆ ಆಮೇಲೆ ಜಗಳ ನಮ್ಮಿಬ್ಬರಿಗೂ.

ಅಕಸ್ಮಾತ್ ಪ್ರೀಮಿಯಂ ಕಟ್ಟಲಾಗದೆ ಪಾಲಿಸಿ ಪೇಯ್ಡ್-ಅಪ್ ಆಯಿತು ಅನ್ನಿ. ಸರೆಂಡರ್ ವ್ಯಾಲ್ಯೂ ಅಲ್ಲೇ ನಿಂತು, ಸಾಲಕ್ಕೂ ಏನೂ ಕಟ್ಟದಿದ್ದರೆ, ಒಂಬತ್ತನೇ ಅರ್ಧವರ್ಷದ ಕೊನೆಗೆ ಸಾಲ 3,72,319 ಆಗಿ 3,60,000ವನ್ನು ದಾಟುತ್ತದೆ. ಅಂದರೆ ನಾಲ್ಕೂವರೆ ವರ್ಷ. ಆಗ ಪಾಲಿಸಿಯನ್ನೇ ಮುಚ್ಚಿ ಸಾಲಕ್ಕೆ ಹೊಂದಿಸಿಕೊಳ್ಳುವ ಹಕ್ಕು ನಿಮಗೆ ಇರುತ್ತದೆ ಅಂತ ತಿಳಿದುಕೊಂಡಿದ್ದೇನೆ. ಹಾಗೆ ಮಾಡುವ ಮೊದಲು ಎಷ್ಟು ದಿನದ ನೋಟಿಸ್ ಕೊಡುತ್ತೀರಿ, ಆ ಅವಧಿಯಲ್ಲಿ ಬಡ್ಡಿ ಮಾತ್ರ ಕಟ್ಟಿದರೆ ಪಾಲಿಸಿ ಉಳಿಯುತ್ತದೆಯೇ, ಇದು ಗೊತ್ತಾಗಬೇಕು. ನನ್ನ ಮೊಬೈಲ್ ನಂಬರ್ ಮತ್ತು ಈಗಿನ ವಿಳಾಸ ಸಾಲದ ಅರ್ಜಿಯಲ್ಲಿದೆ. ಎರಡೂ ನಿಮ್ಮ ದಾಖಲೆಯಲ್ಲಿ ಬದಲಾಗಿದೆ ಅಂತ ಖಾತ್ರಿಪಡಿಸಿ. ಬಡ್ಡಿಯ ದಿನಕ್ಕೆ ಹದಿನೈದು ದಿನ ಮೊದಲು ಎಸ್ಎಂಎಸ್ ಬಂದರೆ ಸಾಕು, ಅಂಚೆ ಕಾಗದವೂ ಬಂದರೆ ಇನ್ನೂ ಒಳ್ಳೆಯದು.

ಬಾಂಡ್ ನಿಮ್ಮ ಹತ್ತಿರ ಅಡವಿರುತ್ತದೆ, ಪಾಲಿಸಿ ನಿಮ್ಮ ಹೆಸರಿಗೆ ಅಸೈನ್ ಆಗುತ್ತದೆ. ಅದು ಸರಿ. ಆದರೆ ನನ್ನ ನಾಮಿನಿ ಮಗಳು. ಸಾಲ ಇರುವಾಗ ನನಗೇನಾದರೂ ಆದರೆ, ಆವತ್ತಿನ ಅಸಲು ಮತ್ತು ಬಡ್ಡಿ ಮಾತ್ರ ಮುರಿದುಕೊಂಡು ಉಳಿದದ್ದೆಲ್ಲ ಅವಳಿಗೆ ಸೇರಬೇಕು. ಈ ಅಸೈನ್‌ಮೆಂಟ್‌ನಿಂದ ನಾಮಿನಿ ಹೆಸರು ಬಿದ್ದುಹೋಗುವುದಿಲ್ಲ ಅಂತ ಒಂದು ಸಾಲು ಬರೆದುಕೊಡಿ. ಬೋನಸ್ ಮೊದಲಿನಂತೆಯೇ ಪೂರ್ತಿ ವಿಮಾ ಮೊತ್ತದ ಮೇಲೆ ಸೇರುತ್ತದೆಯೇ ಎಂದೂ ತಿಳಿಸಿ. ಸಾಲ ತೀರಿದ ಮೇಲೆ ಪಾಲಿಸಿಯನ್ನು ನನ್ನ ಹೆಸರಿಗೆ ಮರಳಿ ಬರೆದು ಬಾಂಡ್ ವಾಪಸ್ ಕೊಡಲು ಎಷ್ಟು ದಿನ ಹಿಡಿಯುತ್ತದೆ?

ಸಾಲದ ಅರ್ಜಿ ಭರ್ತಿ ಮಾಡಿ ತಂದಿದ್ದೇನೆ, ಸಹಿಯೊಂದು ಬಿಟ್ಟು. ಮೇಲಿನ ಉತ್ತರ ನಿಮ್ಮ ಸಹಿ, ಸೀಲಿನೊಂದಿಗೆ ಕೈಗೆ ಬಂದ ದಿನವೇ ಶಾಖೆಗೆ ಬಂದು ಸಹಿ ಹಾಕಿ ಮೂಲ ಬಾಂಡ್ ಒಪ್ಪಿಸುತ್ತೇನೆ. ಹಣವನ್ನು ಚೆಕ್‌ನಲ್ಲಿರುವ ನನ್ನ ಖಾತೆಗೇ ಹಾಕಬೇಕು. ಜುಲೈ 10ರೊಳಗೆ ಹಣ ಸಿಕ್ಕರೆ ಮಷಿನ್ ಬಂದು, ಹುಡುಗಿಯರ ಕೈಗೆ ಅದು ಹೊಂದಿಕೊಂಡು, ಮುಂದಿನ ಆರ್ಡರ್‌ಗೆ ಸರಿಯಾಗುತ್ತದೆ. ಅದಕ್ಕೆ ಜೂನ್ 25ರೊಳಗೆ ಉತ್ತರ ಕೊಡಲು ವಿನಂತಿ.

ಇಷ್ಟೊಂದು ಪ್ರಶ್ನೆ ಕೇಳಿದ್ದು ನಿಮ್ಮ ಮೇಲೆ ಅನುಮಾನದಿಂದಲ್ಲ. ಹನ್ನೆರಡು ವರ್ಷ ನಂಬಿ ಕಟ್ಟಿದ ಹಣ ಇದು, ಅದರ ಮೇಲೆ ಬೀಳುವ ಬಡ್ಡಿಯನ್ನು ನಾನೇ ಕೂತು ಲೆಕ್ಕ ಹಾಕಲು ಬರಬೇಕು, ಅಷ್ಟೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸುಮಿತ್ರಾ
(ಪಾಲಿಸಿದಾರರು)

ಜೊತೆಗಿರುವುದು: ಬಾಂಡಿನ ನಕಲು, ಮಾರ್ಚ್ 2025ರ ಪ್ರೀಮಿಯಂ ರಸೀದಿ, ಏಪ್ರಿಲ್‌ನ ಸ್ಟೇಟ್‌ಮೆಂಟ್, ಸಹಿ ಇಲ್ಲದ ಸಾಲದ ಅರ್ಜಿ, ಗುರುತು ಮತ್ತು ವಿಳಾಸದ ದಾಖಲೆ, ರದ್ದು ಮಾಡಿದ ಒಂದು ಚೆಕ್, ಆರು ಕಂತಿನ ಲೆಕ್ಕ ಬರೆದ ಹಾಳೆ.