ಇಂಟರ್ನ್‌ಶಿಪ್ ರಿಪೋರ್ಟ್ ಸಾರಾಂಶ: ಚಾಕಣದ ಫೋರ್ಜಿಂಗ್ ಶಾಪ್‌ನಲ್ಲಿ ನಾಲ್ಕು ವಾರ

ಮೆಕ್ಯಾನಿಕಲ್, ಮೂರನೇ ವರ್ಷ, ಬೆಳಗಾವಿ
ಅವಧಿ: 2025 ಜೂನ್ 2ರಿಂದ ಜೂನ್ 28
ಜಾಗ: ಪುಣೆ ಹತ್ತಿರ ಚಾಕಣ ಎಂಐಡಿಸಿ, ಕ್ಲೋಸ್ಡ್ ಡೈ ಹಾಟ್ ಫೋರ್ಜಿಂಗ್ ಯೂನಿಟ್, 1600 ಟನ್ ಪ್ರೆಸ್ ಲೈನ್, ಫಸ್ಟ್ ಶಿಫ್ಟ್

ಪೂರ್ತಿ ರಿಪೋರ್ಟು ಇಂಗ್ಲಿಷಲ್ಲಿ ಡಿಪಾರ್ಟ್‌ಮೆಂಟಿಗೆ ಕೊಟ್ಟಿದೀನಿ, ಮುಂದಿನ ಬ್ಯಾಚ್‌ನವರು ಓದ್ಕೊಳ್ಳಲಿ ಅಂತ ಸಾರ್ ಹೇಳಿದ್ದಕ್ಕೆ ಕನ್ನಡದಲ್ಲಿ ಇದಿಷ್ಟು ಬರೀತಿದೀನಿ. ನಿಗಡಿಯಲ್ಲಿ ಮಾವನ ಮನೇಲಿದ್ದೆ, ಬೆಳಗ್ಗೆ ಏಳಕ್ಕೆ ಶಿಫ್ಟ್ ಶುರು, ಮಳೆಗಾಲ ಬೇರೆ, ತಳವಡೆ ರೋಡಲ್ಲಿ ಟ್ರಾಫಿಕ್ ನೋಡಿದ್ರೆ ಐದೂವರೆಗೇ ಎದ್ದು ಹೊರಡ್ಬೇಕಿತ್ತು. ವಾರದ ರಜಾ ಅಲ್ಲಿ ಗುರುವಾರ.

ಮೊದಲನೇ ವಾರ ಬರೀ ಲೈನ್ ನೋಡೋದೇ ಆಯ್ತು. ರೌಂಡ್ ಬಾರ್‌ನ ಬ್ಯಾಂಡ್‌ಸಾದಲ್ಲಿ ಕಟ್ ಮಾಡ್ತಾರೆ, ಆ ತುಂಡಿಗೆ ಬಿಲೆಟ್ ಅಂತಾರೆ. ನಾನು ಫಾಲೋ ಮಾಡಿದ ಪಾರ್ಟು ಒಂದು ಹಬ್ ಫ್ಲ್ಯಾಂಜ್, ಮಟೀರಿಯಲ್ 42CrMo4, 75 ಎಂಎಂ ಬಾರು, 147 ಎಂಎಂ ಉದ್ದ, ಕಟ್ ವೇಟ್ 5.1 ಕೆಜಿ, ಫೋರ್ಜ್ ಆದ್ಮೇಲೆ 4.2 ಕೆಜಿ. ಉಳಿದ 900 ಗ್ರಾಂ ಫ್ಲ್ಯಾಶ್ ಮತ್ತೆ ಸ್ಕೇಲ್ ಆಗಿ ಹೋಗುತ್ತೆ, ಸ್ಕೇಲ್ ಅಂದ್ರೆ ಕಾದ ಉಕ್ಕಿನ ಮೇಲೆ ಕಟ್ಟೋ ಆಕ್ಸೈಡ್ ಪದರ. ಫ್ಲ್ಯಾಶ್ ಅಂದ್ರೆ ವೇಸ್ಟ್ ಅಂತ ಅನ್ಕೊಂಡಿದ್ದೆ, ಆದ್ರೆ ಎರಡು ಡೈ ನಡುವಿನ ಆ ಸಣ್ಣ ಗ್ಯಾಪಲ್ಲಿ ತೆಳ್ಳಗಾಗಿ ಬೇಗ ತಣ್ಣಗಾಗೋ ಲೋಹ ಹೊರಗೆ ಹೋಗೋ ದಾರಿಗೆ ಅಡ್ಡ ನಿಲ್ಲುತ್ತೆ, ಅದರಿಂದಲೇ ಒಳಗೆ ಪ್ರೆಷರ್ ಏರಿ ಡೈನ ಮೂಲೆಮೂಲೆ ತುಂಬೋದು. ಇದನ್ನ ಪುಸ್ತಕದಲ್ಲಿ ಓದಿದ್ದೆ, ಟ್ರಿಮ್ಮಿಂಗ್ ಪ್ರೆಸ್ ಹತ್ರ ಕೆಂಪಗಿರೋ ಫ್ಲ್ಯಾಶ್ ರಿಂಗು ಬೇರೆಯಾಗಿ ಬೀಳೋದು ನೋಡಿದ್ಮೇಲೆ ತಲೆಗೆ ಹೋಯ್ತು.

ಕಾಯಿಸೋದು ಇಂಡಕ್ಷನ್ ಹೀಟರಲ್ಲಿ, 1200ರಿಂದ 1230 ಡಿಗ್ರಿ. ಸುಮಾರು 770 ಡಿಗ್ರಿ ದಾಟಿದ್ಮೇಲೆ ಉಕ್ಕು ಮ್ಯಾಗ್ನೆಟಿಕ್ ಗುಣ ಕಳ್ಕೊಳ್ಳುತ್ತೆ, ಅಲ್ಲಿಂದ ಮುಂದೆ ಕಾಯೋ ವೇಗ ಕಡಿಮೆ, ಹೊರಗಿನ ಶಾಖ ಒಳಗಿನ ತಿರುಳಿಗೆ ಹೋಗೋಕೆ ಟೈಮ್ ಬೇಕು. ಅದಕ್ಕೇ ಕಾಯಿಲ್‌ನ ಅಷ್ಟು ಉದ್ದ ಇಟ್ಟಿರ್ತಾರೆ. ಆಮೇಲೆ ಅಪ್‌ಸೆಟ್, ಬ್ಲಾಕರ್, ಫಿನಿಶರ್, ಮೂರು ಹೊಡೆತ, ಟ್ರಿಮ್ಮಿಂಗ್. ಹೀಟ್ ಟ್ರೀಟ್‌ಮೆಂಟ್, ಶಾಟ್ ಬ್ಲಾಸ್ಟಿಂಗ್, ಯುವಿ ಲೈಟಲ್ಲಿ ಕ್ರ್ಯಾಕ್ ಹುಡುಕೋ ಎಂಪಿಐ ಇವನ್ನ ಒಂದೊಂದು ದಿನ ನೋಡಿದೆ, ಡೀಟೇಲ್ಸ್ ಮೇನ್ ರಿಪೋರ್ಟಲ್ಲಿದೆ.

ಪ್ರೆಸ್ ಆಪರೇಟರ್ ವಿಜಯಪುರ ಜಿಲ್ಲೆ ಇಂಡಿ ಕಡೆಯವರು, ಇಪ್ಪತ್ತು ವರ್ಷದಿಂದ ಪುಣೆಯಲ್ಲೇ ಇದಾರೆ. ನಾನು ಕಾಕಾ ಅಂತಿದ್ದೆ. ಸೂಪರ್‌ವೈಸರ್ ಜೊತೆ ಮರಾಠಿ, ಹೆಲ್ಪರ್‌ಗಳ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ನಾನು ಕಲಿತಿದ್ದರಲ್ಲಿ ಅರ್ಧ ಅವರಿಂದಲೇ.

ಎರಡನೇ ವಾರ ನಂಗೆ ಕೊಟ್ಟ ಕೆಲಸ ಅಂಡರ್‌ಫಿಲ್ ರಿಜೆಕ್ಷನ್ ಲೆಕ್ಕ. ಫ್ಲ್ಯಾಂಜ್ ಅಂಚಲ್ಲಿ ಮೆಟಲ್ ಪೂರ್ತಿ ತುಂಬ್ದೆ ಮೂಲೆ ಉರುಟಾಗಿ ಉಳೀತಿತ್ತು, ಅಂಥ ಪೀಸ್ ರಿವರ್ಕ್ ಆಗಲ್ಲ, ನೇರ ಸ್ಕ್ರ್ಯಾಪ್. ಕ್ವಾಲಿಟಿಯವರು ಡೈ ಸವೆದಿದೆ ಅಂತಿದ್ರು, ಡೈ ಶಾಪ್‌ನವರು ಬಿಲೆಟ್ ಸರಿಯಾಗಿ ಕಾದಿಲ್ಲ ಅಂತಿದ್ರು. ಪ್ರತಿ ದಿನದ ಶೀಟಲ್ಲಿ ಒಟ್ಟು ರಿಜೆಕ್ಷನ್ ಮಾತ್ರ ಇರೋದು, ಯಾವ ಹೊತ್ತಿನ ಪೀಸು ಅಂತ ಇಲ್ಲ. ನಾನು ಒಂದು ನೋಟ್‌ಬುಕ್ ಇಟ್ಕೊಂಡು ಆರು ಶಿಫ್ಟ್ ಪೀಸ್ ನಂಬರ್ ಮತ್ತೆ ಟೈಮ್ ಬರ್ಕೊಂಡೆ. ಒಟ್ಟು 5,840 ಪೀಸು, ಅಂಡರ್‌ಫಿಲ್ 97. ಆ 97ರಲ್ಲಿ 61 ಪೀಸು ಲೈನ್ ನಿಂತು ಮತ್ತೆ ಶುರುವಾದ ಮೊದಲ 25 ಪೀಸಿನೊಳಗೇ ಇದ್ವು! ಶಿಫ್ಟ್ ಶುರು, ಚಹಾ, ಊಟ ಅಂತ ದಿನಕ್ಕೆ ಮೂರು ಸಲ, ಆರು ಶಿಫ್ಟಿಗೆ 18 ಸಲ, ಅಂದ್ರೆ 450 ಪೀಸಲ್ಲಿ 61, ಉಳಿದ 5,390ರಲ್ಲಿ ಬರೀ 36.

ಇಲ್ಲಿ ನನ್ನಿಂದ ಒಂದು ತಪ್ಪಾಯ್ತು. ಕೈಯಲ್ಲಿ ಹಿಡಿಯೋ ಪೈರೋಮೀಟರಲ್ಲಿ ಬಿಲೆಟ್ ನೋಡಿದಾಗ 1120 ತೋರಿಸ್ತು, ಕಾರಣ ಸಿಕ್ತು ಅಂತ ಸೂಪರ್‌ವೈಸರ್ ಹತ್ರ ಓಡಿದೆ. ಕಾಕಾ ಬಂದು "ಮ್ಯಾಲಿನ ಸ್ಕೇಲ್ ನೋಡಾಕತ್ತೀಯೋ ತಮ್ಮಾ, ಅದ್ನ ಉದುರಿಸಿ ನೋಡು" ಅಂದ್ರು. ಅಪ್‌ಸೆಟ್‌ನಲ್ಲಿ ಸ್ಕೇಲ್ ಸಿಡಿದು ಬಿದ್ಮೇಲೆ ನೋಡಿದ್ರೆ 1190ರ ಮೇಲೇ ಇತ್ತು. ಬಿಲೆಟ್ ಸರಿ ಇತ್ತು, ಹಾಗಾಗಿ ಆ ದಿನದ ರೀಡಿಂಗ್ಸ್ ರಿಪೋರ್ಟಲ್ಲಿ ಹೊಡೆದು ಹಾಕಿದೀನಿ.

ಆಮೇಲೆ ಡೈ ಟೆಂಪರೇಚರ್ ಕಾಂಟ್ಯಾಕ್ಟ್ ಥರ್ಮಾಮೀಟರಲ್ಲಿ ತಗೊಂಡೆ. ಲೈನ್ ಓಡ್ತಿರುವಾಗ 200 ಆಸುಪಾಸು, ಚಹಾ ಮುಗಿಸಿ ಬಂದಾಗ 130, ಊಟ ಮುಗಿಸಿ ಬಂದಾಗ ನೂರಕ್ಕೂ ಕೆಳಗೆ. ಬೆಳಗ್ಗೆ ಮಾತ್ರ ಗ್ಯಾಸ್ ಬರ್ನರ್ ಹಚ್ಚಿ ಡೈ ಕಾಯಿಸ್ತಾರೆ, ಅದೂ ಅರ್ಜೆಂಟ್ ಇದ್ರೆ ಅರ್ಧಕ್ಕೇ ನಿಲ್ಲಿಸ್ತಾರೆ, ಬ್ರೇಕ್ ಆದ್ಮೇಲೆ ಹಚ್ಚೋದೇ ಇಲ್ಲ. ತಣ್ಣಗಿರೋ ಡೈಗೆ ಮುಟ್ಟಿದ ತಕ್ಷಣ ಅಂಚಿನ ಲೋಹ ಬಿಗಿಯಾಗುತ್ತೆ, ಹರಿಯಲ್ಲ. ಕಾಕಾ ಇನ್ನೊಂದು ಹೇಳಿದ್ರು, ಬ್ರೇಕ್ ಆದ್ಮೇಲೆ ಹುಡುಗ್ರು ಗ್ರಾಫೈಟ್ ಸ್ಪ್ರೇ ಜಾಸ್ತಿ ಹೊಡೀತಾರೆ ಅಂತ. ಅದು ನೀರಲ್ಲಿ ಕಲಸಿದ ಗ್ರಾಫೈಟು, ಡೈ ಬಿಸಿ ಇದ್ರೆ ನೀರು ಆವಿಯಾಗಿ ಪುಡಿ ಮಾತ್ರ ಅಂಟ್ಕೊಳ್ಳುತ್ತೆ, ತಣ್ಣಗಿದ್ರೆ ಮೂಲೇಲಿ ನೀರು ನಿಂತು ಹೊಡೆತ ಬಿದ್ದಾಗ ಆವಿ ಸಿಕ್ಕಾಕ್ಕೊಂಡು ಲೋಹನ ತಡೆಯುತ್ತೆ. ಇದು ನಂಗೆ ಯಾವ ಕ್ಲಾಸಲ್ಲೂ ಸಿಕ್ಕಿರಲಿಲ್ಲ.

ನಾಲ್ಕನೇ ವಾರ ಪರ್ಮಿಷನ್ ತಗೊಂಡು ಎರಡು ಶಿಫ್ಟ್ ಟ್ರಯಲ್ ಮಾಡಿದ್ವಿ. ಬ್ರೇಕಲ್ಲಿ ಬರ್ನರ್ ಸಣ್ಣಗೆ ಉರೀತಾ ಇರ್ಲಿ, ಒಬ್ರು ಅಲ್ಲೇ ಇರ್ಬೇಕು, 180 ಬರೋವರೆಗೆ ಪೀಸ್ ಹಾಕ್ಬಾರ್ದು, ಸ್ಪ್ರೇ ಎಂದಿನಷ್ಟೇ. ಮೊದಲ 25ರ ಲೆಕ್ಕದಲ್ಲಿ 150 ಪೀಸು, ಅಂಡರ್‌ಫಿಲ್ 8. ಮೊದಲು ನೂರಕ್ಕೆ ಹದಿಮೂರು ಚಿಲ್ಲರೆ ಇದ್ದಿದ್ದು ಐದಕ್ಕೆ ಬಂತು. ಎರಡೇ ಶಿಫ್ಟು, ಸಾಬೀತಾಯ್ತು ಅಂತ ನಾನು ಬರೆದಿಲ್ಲ, ಒಂದು ತಿಂಗಳಾದ್ರೂ ಲಾಗ್ ಇಡ್ಬೇಕು ಅಂತ ಬರೆದಿದೀನಿ.

ಉಳಿದ 36ಕ್ಕೆ ಬೇರೆ ಕಾರಣ ಇರ್ಬಹುದು ಅಂತ 40 ಬಿಲೆಟ್ ತೂಗಿದೆ, ಮೂರು 5 ಕೆಜಿಗಿಂತ ಕಡಿಮೆ ಬಂದ್ವು. ಈ ಬಾರಲ್ಲಿ ಒಂದು ಎಂಎಂಗೆ ಸುಮಾರು 35 ಗ್ರಾಂ, ಅಂದ್ರೆ ಮೂರು ಎಂಎಂ ಗಿಡ್ಡ. ಬ್ಯಾಂಡ್‌ಸಾ ಸ್ಟಾಪರ್ ಬೋಲ್ಟ್ ಸಡಿಲ ಆಗಿತ್ತು, ಅವತ್ತೇ ಟೈಟ್ ಮಾಡಿದ್ರು.

ನಂಗೆ ತುಂಬ ಇಷ್ಟ ಆಗಿದ್ದು ಲ್ಯಾಬ್‌ನ ಮ್ಯಾಕ್ರೋ ಎಚಿಂಗ್. ಪೀಸ್ ಉದ್ದಕ್ಕೆ ಕಟ್ ಮಾಡಿ ನಯ ಮಾಡಿ, ನೀರು ಅರ್ಧ ಆಸಿಡ್ ಅರ್ಧ ಇರೋ ಬಿಸಿ ಹೈಡ್ರೋಕ್ಲೋರಿಕ್‌ನಲ್ಲಿ ಇಟ್ಟು ತೆಗೆದ್ರೆ ಗ್ರೇನ್ ಫ್ಲೋ ಗೆರೆಗಳು ಕಾಣುತ್ವೆ, ಹಬ್‌ನಿಂದ ಫ್ಲ್ಯಾಂಜ್‌ಗೆ ತಿರುಗೋ ಜಾಗದಲ್ಲಿ ಗೆರೆನೂ ಅದೇ ಆಕಾರಕ್ಕೆ ಬಾಗಿರುತ್ತೆ, ಕಟ್ ಆಗಿರಲ್ಲ. ಬಾರಿಂದ ಟರ್ನ್ ಮಾಡಿದ ಪೀಸಲ್ಲಾದ್ರೆ ಅಲ್ಲಿ ಗೆರೆ ತುಂಡಾಗಿರ್ತಿತ್ತು. ಆ ಪೀಸನ್ನ ಹತ್ತು ನಿಮಿಷ ಕೈಯಲ್ಲಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ.

ಬೇಜಾರಾಗಿದ್ದನ್ನೂ ಬರೀಬೇಕು. ಪ್ರೆಸ್ ಪಕ್ಕ ಕಿರುಚಿದ್ರೂ ಕೇಳಲ್ಲ, ಆದ್ರೂ ಕಾಂಟ್ರ್ಯಾಕ್ಟ್ ಹೆಲ್ಪರ್‌ಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಇಯರ್ ಪ್ಲಗ್ ಇರ್ಲಿಲ್ಲ, ಪರ್ಮನೆಂಟ್‌ನವರಿಗೆ ಮಾತ್ರ ಸಿಗ್ತಿತ್ತು. ಕಾಕಾಗೆ ಎಡಗಿವಿ ಸರಿಯಾಗಿ ಕೇಳಲ್ಲ, ನಾನು ಯಾವಾಗ್ಲೂ ಬಲಗಡೆ ನಿಂತು ಮಾತಾಡ್ತಿದ್ದೆ. ಇಯರ್ ಪ್ಲಗ್ ಎಲ್ರಿಗೂ ಗೇಟಲ್ಲೇ ಕೊಡ್ಬೇಕು ಅನ್ನೋದನ್ನ ನನ್ನ ಸಲಹೆಗಳಲ್ಲಿ ಮೊದಲನೇದಾಗಿ ಹಾಕಿದೀನಿ, ಅಂಡರ್‌ಫಿಲ್‌ದು ಎರಡನೇದು.

ಮೇಲಿನ ಡೈಗೆ ಬರ್ನರ್ ಜ್ವಾಲೆ ಸರಿಯಾಗಿ ತಾಗ್ತಿರಲಿಲ್ಲ, ಟ್ರಯಲ್‌ನ 8 ಪೀಸಲ್ಲಿ 6 ಮೇಲಿನ ಅಂಚಲ್ಲೇ ಇದ್ವು. ಎರಡೂ ಕಡೆ ಜ್ವಾಲೆ ಬರೋ ಥರ ಬರ್ನರ್‌ಗೊಂದು ಸ್ವಿಂಗ್ ಬ್ರಾಕೆಟ್ ಡ್ರಾಯಿಂಗ್ ಮಾಡಿ ಕೊನೇ ದಿನ ಮೇಂಟೆನೆನ್ಸ್‌ನವರಿಗೆ ಕೊಟ್ಟು ಬಂದಿದೀನಿ, ನೋಟ್‌ಬುಕ್ ಕಾಕಾ ಹತ್ರ ಇದೆ, ಲಾಗ್ ಮುಂದುವರಿಸ್ತೀನಿ ಅಂದಿದಾರೆ.