ಎಸ್‌ಎಸ್‌ಎಲ್‌ಸಿ ಆದ ಮೇಲೆ ಯಾವ ವಿಭಾಗ? ಪೋಷಕರಿಗೆ ಪತ್ರ

ಪೋಷಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಹತ್ತನೇ ತರಗತಿ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಮುಂದೆ ಏನು ಓದಬೇಕು ಅಂತಿದ್ದೀರಿ, ಬರೀರಿ ಎಂದಿದ್ದೆ. ಒಂದು ಚೀಟಿಯಲ್ಲಿ ‘ಸೈನ್ಸ್’ ಅಂತ ಇತ್ತು. ಅದರ ಕೆಳಗೆ ರಬ್ಬರಿನಿಂದ ಉಜ್ಜಿದ ‘ಆರ್ಟ್ಸ್’ ಇನ್ನೂ ಕಾಣುತ್ತಿತ್ತು. ಈ ಪತ್ರಕ್ಕೆ ಆ ಚೀಟಿಯೇ ಕಾರಣ.

ಪಿಯುಸಿ ಎರಡು ವರ್ಷ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಸೈನ್ಸ್‌ನಲ್ಲಿ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ತೆಗೆದುಕೊಂಡರೆ ಇಂಜಿನಿಯರಿಂಗ್, ಮೆಡಿಕಲ್ ಎರಡೂ ಬಾಗಿಲು ತೆರೆದಿರುತ್ತವೆ. ಪಿಸಿಎಂಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್, ಹಾಗಾಗಿ ಮೆಡಿಕಲ್ ಕಡೆ ನೇರವಾಗಿ ಹೋಗಲು ಆಗುವುದಿಲ್ಲ. ಸೈನ್ಸ್ ಓದಿದವರು ಆಮೇಲೆ ಬಿಕಾಂಗೋ ಬಿಎಗೋ ಹೋಗಬಹುದು, ಆದರೆ ಕಾಮರ್ಸ್ ಓದಿದವರು ಇಂಜಿನಿಯರಿಂಗ್‌ಗೆ ಬರಲು ಆಗುವುದಿಲ್ಲ, ಅದಕ್ಕೇ ‘ಯಾವುದಕ್ಕೂ ಇರಲಿ’ ಅಂತ ಸುಮಾರು ಜನ ಸೈನ್ಸ್ ಹಿಡಿಯುತ್ತಾರೆ. ಇಷ್ಟವಿಲ್ಲದ ಫಿಸಿಕ್ಸ್ ಜೊತೆ ಎರಡು ವರ್ಷ ಕಳೆಯಬೇಕಾದವರು ಮಕ್ಕಳು, ನಾವಲ್ಲ ಅಲ್ವಾ?

ಕಾಮರ್ಸ್ ಅಂದರೆ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ಮತ್ತು ಇನ್ನೊಂದು ವಿಷಯ. ಸಿಎ ಕಡೆ ಒಲವಿದ್ದರೆ ಇದು ನೇರ ದಾರಿ.

ಆರ್ಟ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ‘ಮಾರ್ಕ್ಸ್ ಬರದವರು ಹೋಗೋದು’ ಅನ್ನುವ ಮಾತು ದಯವಿಟ್ಟು ಮನೆಯಲ್ಲಿ ಆಡಬೇಡಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕೆಲವು ಕಾಲೇಜುಗಳಲ್ಲಿ ಮನಃಶಾಸ್ತ್ರವೂ ಇದೆ. ಪಿಯುಸಿ ಆದ ಮೇಲೆ ಐದು ವರ್ಷದ ಲಾ ಕೋರ್ಸ್‌ಗೆ ಯಾವ ವಿಭಾಗದವರಾದರೂ ಸೇರಬಹುದು. ಯುಪಿಎಸ್‌ಸಿ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಬೇಕಾಗಿರುವುದು ಯಾವುದಾದರೂ ಒಂದು ಡಿಗ್ರಿ, ಅಷ್ಟೇ.

ಕೈಕೆಲಸದಲ್ಲಿ ಚುರುಕಾಗಿರುವ ಮಕ್ಕಳಿಗೆ ಪಾಲಿಟೆಕ್ನಿಕ್, ಐಟಿಐ ಇವೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ನಮ್ಮ ಲ್ಯಾಬಿನ ಕೆಟ್ಟ ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿ ಸರಿ ಮಾಡಿದ ಹುಡುಗನಿಗೆ ಗಣಿತದಲ್ಲಿ ಬಂದದ್ದು 52. ಅವನ ಅಂಕಪಟ್ಟಿ ನೋಡಿ ಈ ಚುರುಕು ಯಾರಿಗೂ ಗೊತ್ತಾಗುವುದಿಲ್ಲ.

ಆರಿಸುವುದು ಹೇಗೆ ಅಂತ ಕೇಳಿದರೆ, ನಾನು ಮೊದಲು ನೋಡುವುದು ಮಗು ಯಾರೂ ಹೇಳದೆ ಯಾವ ಪುಸ್ತಕ ತೆಗೆಯುತ್ತದೆ ಅನ್ನುವುದನ್ನು. ಹತ್ತನೇ ತರಗತಿ ವಿಜ್ಞಾನದಲ್ಲಿ 90 ಬಂದ ಮಾತ್ರಕ್ಕೆ ಪಿಯು ಸೈನ್ಸ್ ಸಲೀಸು ಅಂದುಕೊಳ್ಳಬೇಡಿ, ಅಲ್ಲಿ ಪಾಠದ ಭಾರವೇ ಬೇರೆ. ಗೆಳೆಯರು ಹೋಗುವ ಕಾಲೇಜು, ಅಣ್ಣ ಓದಿದ ಕೋರ್ಸ್, ಇವನ್ನು ಪಕ್ಕಕ್ಕಿಡಿ. ಫೀಸು, ಓಡಾಟ, ಕೋಚಿಂಗ್ ಖರ್ಚು ಎಷ್ಟಾಗುತ್ತದೆ ಅನ್ನುವುದನ್ನು ಮಗುವಿನ ಎದುರೇ ಲೆಕ್ಕ ಹಾಕಿ, ಮುಚ್ಚಿಡಬೇಡಿ.

ಈ ಶನಿವಾರ ಮಧ್ಯಾಹ್ನ 2 ಗಂಟೆಗೆ ಹತ್ತನೇ ತರಗತಿಯ ಕೊಠಡಿಯಲ್ಲಿ ಸಿಗೋಣ. ಮಕ್ಕಳನ್ನೂ ಕರೆತನ್ನಿ. ಚೀಟಿಗಳು ನನ್ನ ಹತ್ತಿರವೇ ಇವೆ, ಯಾರದನ್ನೂ ಯಾರಿಗೂ ತೋರಿಸುವುದಿಲ್ಲ. ಮಕ್ಕಳೇ ನಿಮಗೆ ಹೇಳಲಿ.

ಇಂತಿ,
ಹತ್ತನೇ ತರಗತಿ ಶಿಕ್ಷಕಿ